ಗೃಹಸಾಲಕ್ಕೆ ಹೆಚ್ಚುವರಿ ಕಟ್ಟುವುದಾ, ಎಸ್‌ಐಪಿ ಮಾಡುವುದಾ: ಎರಡನ್ನೂ ಮಾಡಿ ನೋಡಿದ ಮೇಲೆ

ತಿಂಗಳಿಗೆ 10,000 ರೂಪಾಯಿ ಉಳಿಯುತ್ತದೆ, ತಲೆ ಮೇಲೆ ಗೃಹಸಾಲ ಇದೆ. ಆ ದುಡ್ಡನ್ನು ಎಲ್ಲಿ ಹಾಕಬೇಕು? ನಾನು ಮೊದಲು ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡ್‌ನಲ್ಲಿ ಎಸ್‌ಐಪಿ, ಅಂದರೆ ಪ್ರತಿ ತಿಂಗಳು ಇಷ್ಟು ಎಂದು ಹೂಡಿಕೆ, ಮಾಡಿದೆ. ಆಮೇಲೆ ಅಷ್ಟೇ ಮೊತ್ತವನ್ನು ಸಾಲದ ಅಸಲಿಗೆ ತಿರುಗಿಸಿದೆ. ನನ್ನ ಮಟ್ಟಿಗೆ ಸಾಲಕ್ಕೆ ಕಟ್ಟಿದ್ದೇ ಸರಿಹೋಯಿತು. ಎಲ್ಲರಿಗೂ ಹಾಗೇ ಆಗಬೇಕಿಲ್ಲ, ಅದಕ್ಕೇ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಹೋಲಿಕೆ ನಡೆಯುತ್ತದೆ. 40 ಲಕ್ಷದ ಸಾಲ, 8.5% ಬಡ್ಡಿ, 20 ವರ್ಷ ಎಂದುಕೊಳ್ಳಿ. ಇಎಂಐ ಸುಮಾರು 34,700 ರೂಪಾಯಿ. ಜೊತೆಗೆ ಪ್ರತಿ ತಿಂಗಳು 10,000 ಅಸಲಿಗೆ ಕಟ್ಟಿದರೆ ಸಾಲ 12 ವರ್ಷದೊಳಗೆ ಮುಗಿಯುತ್ತದೆ, ಬಡ್ಡಿಯಲ್ಲಿ ಹತ್ತಿರ ಹತ್ತಿರ 20 ಲಕ್ಷ ಉಳಿಯುತ್ತದೆ. ಅದೇ 10,000ವನ್ನು 20 ವರ್ಷ ಎಸ್‌ಐಪಿಗೆ ಹಾಕಿ 12% ಬಂದರೆ ಸುಮಾರು 99 ಲಕ್ಷ ಆಗುತ್ತದೆ. '20 ಲಕ್ಷ ಎಲ್ಲಿ, 99 ಲಕ್ಷ ಎಲ್ಲಿ' ಎಂದು ಅಲ್ಲಿಗೆ ಮಾತು ಮುಗಿಸುತ್ತಾರೆ.

ಆದರೆ ಸಾಲ ತೀರಿಸಿದವನು ಮಿಕ್ಕ ಎಂಟು ವರ್ಷ ಕೈ ಕಟ್ಟಿ ಕೂರುವುದಿಲ್ಲ ಅಲ್ವಾ? ಇಎಂಐ ಮತ್ತು ಹೆಚ್ಚುವರಿ ಸೇರಿ ತಿಂಗಳಿಗೆ 44,700 ರೂಪಾಯಿ ಅವನ ಕೈಯಲ್ಲೇ ಉಳಿಯುತ್ತದೆ. ಅದನ್ನು ಪೂರ್ತಿ ಅದೇ ಫಂಡ್‌ಗೆ ಹಾಕಿದರೆ, ಅದೇ 12% ಲೆಕ್ಕದಲ್ಲಿ, 20ನೇ ವರ್ಷದ ಕೊನೆಗೆ ಸುಮಾರು 73 ಲಕ್ಷ ಆಗಿರುತ್ತದೆ. ಅಂದರೆ ನಿಜವಾದ ಹೋಲಿಕೆ 99 ಲಕ್ಷಕ್ಕೂ 73 ಲಕ್ಷಕ್ಕೂ. ವ್ಯತ್ಯಾಸ ಇದೆ, ಆದರೆ ಮೊದಲು ಕಂಡಷ್ಟಿಲ್ಲ.

ಫಂಡ್ 12% ಕೊಡದೆ 10% ಕೊಟ್ಟರೆ? ಆಗ ಎಸ್‌ಐಪಿಯವನಿಗೆ 76 ಲಕ್ಷ, ಸಾಲ ತೀರಿಸಿದವನಿಗೆ 67 ಲಕ್ಷ. ಇದು ತೆರಿಗೆಗೆ ಮೊದಲಿನ ಲೆಕ್ಕ. ಈಕ್ವಿಟಿಯ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ಮೀರಿದ ಭಾಗಕ್ಕೆ 12.5% ತೆರಿಗೆ ಇದೆ. ಎಸ್‌ಐಪಿಯವನ ಲಾಭ ಜಾಸ್ತಿ, ಹಾಗಾಗಿ ತೆರಿಗೆಯೂ ಅವನಿಗೇ ಜಾಸ್ತಿ. ಅದನ್ನು ಕಳೆದರೆ ಅಂತರ ಐದು ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಫಂಡ್ ಸುಮಾರು 9% ಕೊಟ್ಟರೆ ಇಬ್ಬರೂ ಸಮ. ಅದಕ್ಕಿಂತ ಕೆಳಗಿಳಿದರೆ ಸಾಲ ತೀರಿಸಿದವನೇ ಮುಂದೆ.

ಎಫ್‌ಡಿ ಸ್ಪರ್ಧೆಯಲ್ಲೇ ಇಲ್ಲ. 6.5% ಬಡ್ಡಿಗೆ 30% ಸ್ಲ್ಯಾಬ್‌ನಲ್ಲಿ ತೆರಿಗೆ ಕಟ್ಟಿದರೆ ಕೈಗೆ ಉಳಿಯುವುದು ಸುಮಾರು 4.5%.

ಇನ್ನು ನನ್ನನ್ನು ಜಾಸ್ತಿ ಸತಾಯಿಸಿದ ವಿಷಯ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಬ್ಯಾಂಕ್ ಮುಂಗಡ ಪಾವತಿ ದಂಡ ಹಾಕುವಂತಿಲ್ಲ. ಅಲ್ಲಿಗೆ ದಾರಿ ಸಲೀಸು ಎಂದು ತೋರುತ್ತದೆ. ನಾನು ಬ್ಯಾಂಕಿನ ಆ್ಯಪ್‌ನಲ್ಲಿ ಸಾಲದ ಖಾತೆಗೆ ದುಡ್ಡು ಕಳಿಸಿದೆ, ಕಳಿಸಿದ್ದಕ್ಕೆ ರಸೀದಿಯೂ ಬಂತು. ಮುಂದಿನ ತಿಂಗಳ ಸ್ಟೇಟ್‌ಮೆಂಟ್ ನೋಡಿದರೆ ಅಸಲು ಬಾಕಿ ಎಂದಿನಷ್ಟೇ ಇಳಿದಿತ್ತು. ನಾನು ಕಟ್ಟಿದ ದುಡ್ಡು ಮುಂದಿನ ಇಎಂಐಗಳಿಗೆ ಮುಂಗಡ ಎಂದು ಪಕ್ಕದಲ್ಲಿ ಕೂತಿತ್ತು. ಹಾಗೆ ಕೂತ ದುಡ್ಡು ಒಂದು ಪೈಸೆ ಬಡ್ಡಿಯನ್ನೂ ಉಳಿಸುವುದಿಲ್ಲ.

ಶಾಖೆಗೆ ಹೋಗಿ ಅರ್ಜಿ ಬರೆದುಕೊಟ್ಟ ಮೇಲೆ ಅದನ್ನು ಅಸಲಿಗೆ ಸೇರಿಸಿದರು. ಆದರೆ ಅವಧಿಯನ್ನು ಹಾಗೇ ಬಿಟ್ಟು ಇಎಂಐ ಇಳಿಸಿದರು. ಅವರ ಸಿಸ್ಟಂನಲ್ಲಿ ತಾನಾಗಿ ಆಗುವುದು ಅದೇ ಅಂತೆ. ಮತ್ತೆ ಹೋಗಬೇಕಾಯಿತು.

ಇದು ಸಣ್ಣ ವಿಷಯವಲ್ಲ. ಮೇಲಿನ ಸಾಲದಲ್ಲಿ ಶುರುವಿನಲ್ಲೇ 1.2 ಲಕ್ಷ ಕಟ್ಟಿದಿರಿ ಎನ್ನಿ. ಇಎಂಐ ಇಳಿಸಿದರೆ ತಿಂಗಳಿಗೆ ಸುಮಾರು 1,000 ರೂಪಾಯಿ ಕಡಿಮೆಯಾಗುತ್ತದೆ, ಅದು ಮನೆಖರ್ಚಿನಲ್ಲಿ ಕರಗಿಹೋಗುತ್ತದೆ. ಇಎಂಐ ಹಾಗೇ ಬಿಟ್ಟು ಅವಧಿ ಇಳಿಸಿದರೆ ಸಾಲ ಸುಮಾರು ಒಂದೂವರೆ ವರ್ಷ ಮೊದಲೇ ಮುಗಿಯುತ್ತದೆ. ಅದಕ್ಕೇ ಅರ್ಜಿಯಲ್ಲಿ 'ಅಸಲಿಗೆ ಜಮಾ ಮಾಡಿ, ಇಎಂಐ ಬದಲಿಸಬೇಡಿ, ಅವಧಿ ಕಡಿಮೆ ಮಾಡಿ' ಎಂದು ಮೂರನ್ನೂ ಬರೆಯಿರಿ. ಆಮೇಲೆ ಮೂರು ವಿಷಯ ನೋಡಿ: ಕಟ್ಟಿದ ದಿನವೇ ಅಸಲು ಬಾಕಿ ಪೂರ್ತಿ ಮೊತ್ತದಷ್ಟು ಇಳಿದಿದೆಯಾ, ಹೊಸ ಮರುಪಾವತಿ ಪಟ್ಟಿಯಲ್ಲಿ ಕೊನೆಯ ಕಂತಿನ ತಿಂಗಳು ಹಿಂದಕ್ಕೆ ಬಂದಿದೆಯಾ, ಇಎಂಐ ಅಷ್ಟೇ ಇದೆಯಾ. ಎಸ್‌ಐಪಿಯಲ್ಲಿ ಈ ತಾಪತ್ರಯ ಯಾವುದೂ ಇಲ್ಲ. ಒಮ್ಮೆ ಶುರು ಮಾಡಿದರೆ ತಾನೇ ನಡೆಯುತ್ತದೆ, ಆ ಒಂದು ವಿಷಯದಲ್ಲಿ ಅದು ಖಂಡಿತ ಮೇಲು.

ಎಸ್‌ಐಪಿಯ ಇನ್ನೊಂದು ಬಲ, ಬೇಕಾದಾಗ ದುಡ್ಡು ತೆಗೆಯಬಹುದು. ಸಾಲಕ್ಕೆ ಕಟ್ಟಿದ್ದು ವಾಪಸ್ ಬರುವುದಿಲ್ಲ. ಕೆಲಸ ಹೋದರೆ 'ಮೊದಲೇ ಇಷ್ಟು ಕಟ್ಟಿದ್ದೇನಲ್ಲ' ಎಂದು ಬ್ಯಾಂಕ್ ಇಎಂಐ ಬಿಡುವುದಿಲ್ಲ. ಹೆಚ್ಚುವರಿ ಕಟ್ಟಿದ್ದನ್ನು ಬೇಕಾದಾಗ ವಾಪಸ್ ತೆಗೆಯಲು ಬಿಡುವ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇರುವವರಿಗೆ ಮಾತ್ರ ಈ ಭಯ ಕಡಿಮೆ.

ಹಾಗಾದರೆ ನಿರ್ಧರಿಸುವುದು ಹೇಗೆ? ಮೊದಲು ಇಎಂಐ ಸೇರಿ ಆರು ತಿಂಗಳ ಖರ್ಚನ್ನು ಎಫ್‌ಡಿಯಲ್ಲಿ ಇಡಿ. ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್ ಬಾಕಿ ಇದ್ದರೆ ಹೆಚ್ಚುವರಿ ದುಡ್ಡು ಅಲ್ಲಿಗೇ ಹೋಗಲಿ. ಇವೆರಡೂ ಮುಗಿದ ಮೇಲೆ ನಿಮ್ಮ ಸಾಲದ ನಿಜವಾದ ದರ, ಅಂದರೆ ತೆರಿಗೆ ವಿನಾಯಿತಿ ಕಳೆದ ಮೇಲೆ ನಿಮಗೆ ಬೀಳುವ ಬಡ್ಡಿ, ಎಷ್ಟು ಎಂದು ಹುಡುಕಿ.

ಹೊಸ ತೆರಿಗೆ ಪದ್ಧತಿಯಲ್ಲಿದ್ದು ಸ್ವಂತ ಮನೆಯಲ್ಲೇ ವಾಸವಿದ್ದರೆ ಬಡ್ಡಿಗೆ ವಿನಾಯಿತಿ ಇಲ್ಲ, ಹಾಗಾಗಿ 8.5% ಅಂದರೆ 8.5% ಅಷ್ಟೇ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷ ಬಡ್ಡಿಯವರೆಗೆ ವಿನಾಯಿತಿ ಇದೆ. ಇಲ್ಲೊಂದು ಸೂಕ್ಷ್ಮ ಇದೆ. 40 ಲಕ್ಷದ ಸಾಲಕ್ಕೆ ಮೊದಲ ವರ್ಷದ ಬಡ್ಡಿಯೇ 3.3 ಲಕ್ಷ ದಾಟುತ್ತದೆ. ನೀವು ಮುಂಗಡ ಕಟ್ಟಿದಾಗ ಕಡಿಮೆಯಾಗುವುದು 2 ಲಕ್ಷದ ಮೇಲಿನ, ವಿನಾಯಿತಿ ಸಿಗದ ಬಡ್ಡಿ. ಆದ್ದರಿಂದ ಬಾಕಿ ಸುಮಾರು 23.5 ಲಕ್ಷಕ್ಕೆ ಇಳಿಯುವ ತನಕ ಅಲ್ಲೂ ನಿಜವಾದ ದರ 8.5%. ಅದಕ್ಕಿಂತ ಕೆಳಗೆ ಬಂದ ಮೇಲೆ, 30% ಸ್ಲ್ಯಾಬ್‌ನವರಿಗೆ ದರ 5.9% ಆಗುತ್ತದೆ. ಆಗ 7.1% ಕೊಡುವ, ತೆರಿಗೆ ಇಲ್ಲದ ಪಿಪಿಎಫ್ ಕೂಡ ಸಾಲ ತೀರಿಸುವುದಕ್ಕಿಂತ ಮೇಲು.

ಸಾಲದ ಆ ನಿಜವಾದ ದರಕ್ಕೆ 3 ಸೇರಿಸಿ. ಬಂದ ಸಂಖ್ಯೆಯಷ್ಟು ಪ್ರತಿಫಲ ಹತ್ತು ವರ್ಷಕ್ಕೂ ಮೀರಿ ಈಕ್ವಿಟಿಯಿಂದ ಬರುತ್ತದೆ ಎಂದು ನಿಮಗೆ ನಂಬಿಕೆ ಇದ್ದರೆ ಎಸ್‌ಐಪಿ, ಇಲ್ಲದಿದ್ದರೆ ಸಾಲ. ಸಾಲ ತೀರಿಸಿದರೆ ಸಿಗುವ ಉಳಿತಾಯ ಖಚಿತ, ಮಾರುಕಟ್ಟೆಯದು ಖಚಿತವಲ್ಲ. ಆ ಅನಿಶ್ಚಯಕ್ಕೆ ನಾನು ಕೇಳುವ ಬೆಲೆ ಈ 3. ನಾನು ಈಕ್ವಿಟಿಯಿಂದ 11%ಗಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ನನ್ನ ಗೆರೆ 8%. ನಿಜವಾದ ದರ ಅದರ ಮೇಲಿದ್ದರೆ ಸಾಲಕ್ಕೆ, ಕೆಳಗಿದ್ದರೆ ಎಸ್‌ಐಪಿಗೆ.

ನಮ್ಮದು ಒಂದೇ ಸಂಬಳದ ಮನೆ. 2020ರ ಮಾರ್ಚ್ ಹೊತ್ತಿಗೆ ಷೇರುಪೇಟೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿದಾಗ ನಾನು ಎಸ್‌ಐಪಿ ನಿಲ್ಲಿಸಲಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ, ವಯಸ್ಸು ಮೂವತ್ತರ ಆಸುಪಾಸಿನ, ಆ ಕುಸಿತ ಕಂಡೂ ಅಲುಗಾಡದ ಮನೆಗೆ 3ರ ಬದಲು 2 ಸೇರಿಸಿದರೂ ಸಾಕು.

ರಿಸರ್ವ್ ಬ್ಯಾಂಕಿನ ರೆಪೋ ದರಕ್ಕೆ ಜೋಡಿಸಿದ ಸಾಲದ ದರ ಬದಲಾಗುತ್ತಲೇ ಇರುತ್ತದೆ. ಬ್ಯಾಂಕಿನಿಂದ ದರ ಬದಲಾದ ಸಂದೇಶ ಬಂದಾಗಲೆಲ್ಲ ಈ ಲೆಕ್ಕವನ್ನು ಮತ್ತೆ ಮಾಡುತ್ತೇನೆ. ಹೊಸ ಗ್ರಾಹಕರಿಗೆ ಅದೇ ಬ್ಯಾಂಕ್ ನನಗಿಂತ ಕಡಿಮೆ ದರ ಕೊಡುತ್ತಿದ್ದರೆ ಮೊದಲು ಅದನ್ನು ಕೇಳಿ ಇಳಿಸಿಕೊಳ್ಳುತ್ತೇನೆ, ಆಮೇಲೆ ಆ 10,000 ಎಲ್ಲಿಗೆ ಎಂದು ನೋಡುತ್ತೇನೆ.