ಎಚ್ಚರಿಕೆ: ಕಂಪನಿ ಎಚ್‌ಆರ್ ಹೆಸರಲ್ಲಿ ಬಂದ ಆಫರ್ ಲೆಟರ್ ನಂಬಿ ಹಣ ಕಳಕೊಂಡೆ. ಅಸಲಿ ಎಚ್‌ಆರ್‌ಗೆ ನಾನು ಬರೆದದ್ದು ಇಲ್ಲಿದೆ

ಹಾಸನ, ಚಿಕ್ಕಮಗಳೂರು ಕಡೆ ಕೆಲಸ ಹುಡುಕ್ತಿರೋರು ದಯವಿಟ್ಟು ಪೂರ್ತಿ ಓದಿ. ನಾನು ಮೋಸ ಹೋಗಿದ್ದೀನಿ ಅಂತ ಗೊತ್ತಾಗಿ ಹನ್ನೊಂದು ದಿನ ಆಯ್ತು. ಹೋಗಿದ್ದು 15,150 ರೂಪಾಯಿ. ಅಪ್ಪ ಶುಂಠಿ ಮಾರಿ ತಂದಿಟ್ಟಿದ್ದ ದುಡ್ಡು. ಮನೆಯಲ್ಲಿ ಹೇಳೋಕೆ ನನಗೆ ಎಂಟು ದಿನ ಬೇಕಾಯ್ತು. ಬರೆಯುವಾಗ ಈಗಲೂ ಕೈ ನಡುಗ್ತಿದೆ.

ಮಂಗಳವಾರ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯ ರಿಕ್ರೂಟರ್ ಅಂತ ಪರಿಚಯ. ನಾನು ತಕ್ಷಣ ಲಿಂಕ್ಡ್‌ಇನ್‌ನಲ್ಲಿ ಹುಡುಕಿದೆ. ಆ ಹೆಸರಿನ ಮೇಡಂ ಅಲ್ಲಿದ್ದಾರೆ, ಅದೇ ಕಂಪನಿ, ಅದೇ ಫೋಟೋ. ಅಲ್ಲಿಗೆ ನನ್ನ ಅನುಮಾನ ಮುಗೀತು. ನಾನು ಬಿದ್ದಿದ್ದು ಇಲ್ಲೇ. ಹೆಸರೂ ಫೋಟೋನೂ ಯಾರು ಬೇಕಾದ್ರೂ ತೆಗೆದು ಹಾಕ್ಕೋಬಹುದು. ಆ ಮೇಡಂ ಅಸಲಿ, ನನಗೆ ಮೆಸೇಜ್ ಮಾಡಿದ ನಂಬರ್ ಅವರದಲ್ಲ. ಇದು ಆಗ ತಲೆಗೆ ಹೊಳೀಲಿಲ್ಲ.

ಬುಧವಾರ ಫೋನಲ್ಲಿ ಇಪ್ಪತ್ತು ನಿಮಿಷ ಇಂಟರ್‌ವ್ಯೂ. ಜಾವಾ, ಎಸ್‌ಕ್ಯೂಎಲ್, ನನ್ನ ಕಾಲೇಜ್ ಪ್ರಾಜೆಕ್ಟ್, ಎಲ್ಲಾ ಕೇಳಿದ್ರು. ಹಾಸನ ಅಂದಿದ್ದಕ್ಕೆ "ಓ ನಮ್ಮ ಅಜ್ಜಿ ಮನೆ ಅರಸೀಕೆರೆ ಕಡೆ" ಅಂದ್ಲು. ಆ ಒಂದು ಮಾತಿಗೆ ನಾನು ಕರಗಿಹೋದೆ. ಗುರುವಾರ ಬೆಳಿಗ್ಗೆ ಮೇಲ್‌ನಲ್ಲಿ ಆಫರ್ ಲೆಟರ್: ಲೋಗೋ, ಸೀಲು, ವರ್ಷಕ್ಕೆ 4.2 ಲಕ್ಷ. ಅಮ್ಮ ದೇವರ ಮುಂದೆ ದೀಪ ಹಚ್ಚಿದ್ಲು.

ಅದೇ ದಿನ ಮಧ್ಯಾಹ್ನ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ಗೆ 2,750. ಮೊದಲ ಸಂಬಳದಲ್ಲಿ ವಾಪಸ್ ಅಂದ್ರು. ಶುಕ್ರವಾರ ಲ್ಯಾಪ್‌ಟಾಪ್ ಡೆಪಾಸಿಟ್ 12,400, ಅದೂ ವಾಪಸ್. ಯುಪಿಐನಲ್ಲಿ ಹಣ ಹಾಕುವಾಗ ಯಾರದೋ ಒಬ್ಬ ಗಂಡಸಿನ ಹೆಸರು ತೋರಿಸ್ತು. ಕಂಪನಿ ಹೆಸರು ಇಲ್ಲವೇ ಇಲ್ಲ. ನಾನು ಕೇಳಿದೆ, "ಮೇಡಂ, ಇದು ಪರ್ಸನಲ್ ಅಕೌಂಟ್ ತರ ಇದೆಯಲ್ಲಾ?" ಬಂದ ಉತ್ತರ: "ಅದು ನಮ್ಮ ವೆಂಡರ್ ಅಕೌಂಟ್. ನಿಮಗೆ ಡೌಟ್ ಇದ್ರೆ ಆಫರ್ ಹೋಲ್ಡ್ ಮಾಡ್ತೀನಿ, ವೇಯ್ಟಿಂಗ್ ಲಿಸ್ಟ್‌ನಲ್ಲಿ ಬೇರೆಯವರಿದ್ದಾರೆ." ನಾನು ಹೆದರಿ "ಸಾರಿ ಮೇಡಂ" ಅಂತ ಬರೆದು ಹಣ ಹಾಕಿದೆ. ಸಾರಿ ಕೇಳಿದೆ ನಾನು! ನನ್ನ ದುಡ್ಡು ತಗೊಂಡವರಿಗೆ ನಾನೇ ಸಾರಿ ಕೇಳಿದೆ. ರಾತ್ರಿ ಮಲಗಿದ್ರೆ ಇದೊಂದೇ ನೆನಪಾಗುತ್ತೆ.

ಶನಿವಾರ ಮತ್ತೆ ಬಂತು, ಸರ್ವಿಸ್ ಬಾಂಡ್‌ಗೆ 19,000. ಒಂದು ಸಲ ವಿಡಿಯೋ ಕಾಲ್ ಮಾಡಿ ಅಂದೆ. "ಕಂಪನಿ ಪಾಲಿಸಿ ಪ್ರಕಾರ ಕ್ಯಾಮೆರಾ ಆನ್ ಮಾಡೋ ಹಾಗಿಲ್ಲ." ಆಫೀಸ್ ಲ್ಯಾಂಡ್‌ಲೈನ್ ಕೊಡಿ ಅಂದೆ. "ನಾವೆಲ್ಲ ವರ್ಕ್ ಫ್ರಮ್ ಹೋಮ್." ಸಂಜೆ ಲಿಂಕ್ಡ್‌ಇನ್‌ನಲ್ಲಿ ಆ ಅಸಲಿ ಮೇಡಂಗೇ ನೇರವಾಗಿ ಬರೆದೆ. ರಾತ್ರಿ ಒಂಬತ್ತಕ್ಕೆ ಅವರ ಉತ್ತರ: "ಇದು ನಾನಲ್ಲ. ನನ್ನ ಹೆಸರಲ್ಲಿ ಮೋಸ ಆಗಿದೆ ಅಂತ ಬರೆದವರಲ್ಲಿ ನೀವು ಮೂರನೆಯವರು. ದಯವಿಟ್ಟು ನಮ್ಮ ಎಚ್‌ಆರ್‌ಗೆ ಬರೆಯಿರಿ." ಕಣ್ಣು ಕತ್ತಲೆ ಬಂತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಚ್‌ಆರ್‌ಗೆ ನಾನು ಬರೆದ ಮೊದಲ ಮೇಲ್ ವ್ಯರ್ಥ ಆಯ್ತು. ಸಿಟ್ಟಲ್ಲಿ ಎರಡು ಪುಟ ಬರೆದೆ. ನಿಮ್ಮ ಎಚ್‌ಆರ್ ನನಗೆ ಮೋಸ ಮಾಡಿದ್ದಾರೆ, ನನ್ನ ದುಡ್ಡು ಕೊಡಿ, ನಮ್ಮಪ್ಪ ರೈತ, ಹೀಗೆ. ಜೊತೆಗೆ ಹದಿನಾಲ್ಕು ಸ್ಕ್ರೀನ್‌ಶಾಟ್. ಸಬ್ಜೆಕ್ಟ್ ಸಾಲಲ್ಲಿ "ಅರ್ಜೆಂಟ್" ಅಂತ ಮಾತ್ರ. ಯಾರೂ ಉತ್ತರ ಕೊಡ್ಲಿಲ್ಲ. ಎರಡು ದಿನ ಕಾದೆ. ನನ್ನ ಸೀನಿಯರ್ ಒಬ್ಬರು ಬೆಂಗಳೂರಲ್ಲಿ ಬೇರೆ ಕಂಪನಿಯ ಸೆಕ್ಯೂರಿಟಿ ಟೀಮ್‌ನಲ್ಲಿದ್ದಾರೆ, ಅವರಿಗೆ ತೋರಿಸಿದೆ. "ಇದನ್ನ ಓದಿದವರಿಗೆ ಏನು ಮಾಡಬೇಕು ಅಂತಾನೇ ತಿಳಿಯಲ್ಲ ಕಣೋ. ಎಲ್ಲಿಂದ ಬಂತು, ಯಾವ ವಿಳಾಸ, ಯಾವಾಗ, ಅಷ್ಟು ಮೊದಲು ಹೇಳು. ದುಡ್ಡಿನ ಕಥೆ ಪೊಲೀಸರಿಗೆ" ಅಂದ್ರು.

ಆಮೇಲೆ ನನ್ನನ್ನ ಲ್ಯಾಪ್‌ಟಾಪ್ ಮುಂದೆ ಕೂರಿಸಿ ಆ ಮೇಲ್ ತೆಗೆಸಿದ್ರು. ಫೋನ್‌ನಲ್ಲಿ ನಾನು ನೋಡಿದ್ದು ಬರೀ ಹೆಸರು, "ಟ್ಯಾಲೆಂಟ್ ಟೀಮ್" ಅಂತ. ಹೆಸರಿನ ಕೆಳಗೆ ಒತ್ತಿದ್ರೆ ಪೂರ್ತಿ ವಿಳಾಸ ಕಾಣುತ್ತೆ. ಅದರಲ್ಲಿ ಕಂಪನಿ ಹೆಸರು, ಅದಾದ ಮೇಲೆ ಒಂದು ಸಣ್ಣ ಅಡ್ಡಗೆರೆ, ಆಮೇಲೆ careers. ಕಂಪನಿಯ ನಿಜವಾದ ವಿಳಾಸದಲ್ಲಿ ಆ ಅಡ್ಡಗೆರೆ ಇಲ್ಲ. ಆ ಒಂದು ಗೆರೆ ಇದ್ರೆ ಅದು ಬೇರೆಯೇ ಡೊಮೇನ್, ಯಾರು ಬೇಕಾದ್ರೂ ಕೊಂಡುಕೊಳ್ಳಬಹುದು. lookup.icann.org ನಲ್ಲಿ ಆ ಹೆಸರು ಹಾಕಿದ್ರು. ಡೊಮೇನ್ ನೋಂದಣಿ ಆಗಿ ಆಗಿನ್ನೂ ಹತ್ತೊಂಬತ್ತು ದಿನ ಆಗಿತ್ತು. ಇಷ್ಟು ವರ್ಷದ ಕಂಪನಿಗೆ ಹತ್ತೊಂಬತ್ತು ದಿನದ ಡೊಮೇನ್!

ಇನ್ನೊಂದು ವಿಷಯ, ಇದರಲ್ಲಿ ನನ್ನ ಗೆಳೆಯನೂ ಮೋಸ ಹೋಗಿದ್ದ. ಹಣ ಕಟ್ಟೋ ಮುಂಚೆ ಅವನಿಗೆ ಮೇಲ್ ತೋರಿಸಿದ್ದೆ. ಅವನು ಜಿಮೇಲ್‌ನಲ್ಲಿ Show original ಒತ್ತಿ, SPF, DKIM, DMARC ಅನ್ನೋ ಮೂರು ಪರೀಕ್ಷೆಗಳ ಮುಂದೆಯೂ PASS ಅಂತಿದೆ, ಹಾಗಾಗಿ ಅಸಲಿ ಅಂದಿದ್ದ. ಅದು ತಪ್ಪು. ಆ ಮೇಲ್ ಅದೇ ಡೊಮೇನ್‌ನಿಂದ ಬಂದಿದೆ, ದಾರಿಯಲ್ಲಿ ಯಾರೂ ಬೇರೆ ಹೆಸರು ಹಚ್ಚಿಲ್ಲ ಅನ್ನೋದನ್ನಷ್ಟೇ PASS ಹೇಳುತ್ತೆ. ಆ ಡೊಮೇನ್ ಯಾರದ್ದು ಅಂತ ಹೇಳಲ್ಲ. ಕಳ್ಳ ತನ್ನದೇ ಡೊಮೇನ್ ಕೊಂಡು ಸರಿಯಾಗಿ ಸೆಟ್ ಮಾಡಿದ್ರೆ ಅವನ ಮೇಲೂ ಮೂರೂ ಪಾಸ್ ಆಗುತ್ತೆ. ಪಾಸ್ ನೋಡಿ ದಯವಿಟ್ಟು ನಂಬಬೇಡಿ, ವಿಳಾಸ ಅಕ್ಷರ ಅಕ್ಷರ ಓದಿ.

ಎರಡನೇ ಸಲ ಬರೆದ ಮೇಲ್ ಇದು. ಕಳಿಸಿದ್ದು ಇಂಗ್ಲಿಷ್‌ನಲ್ಲಿ, ಇಲ್ಲಿ ಕನ್ನಡದಲ್ಲಿ ಹಾಕ್ತಿದ್ದೀನಿ.

> ವಿಷಯ: ನಿಮ್ಮ ರಿಕ್ರೂಟರ್ ಹೆಸರಲ್ಲಿ ನಕಲಿ ಡೊಮೇನ್‌ನಿಂದ ಆಫರ್ ಲೆಟರ್
>
> ಎಚ್‌ಆರ್ ತಂಡಕ್ಕೆ ನಮಸ್ಕಾರ. ನಿಮ್ಮ ರಿಕ್ರೂಟರ್ ಒಬ್ಬರ ಹೆಸರು ಮತ್ತು ಫೋಟೋ ಬಳಸಿ ಯಾರೋ ಕೆಲಸ ಕೊಡುವುದಾಗಿ ಹಣ ಕೇಳುತ್ತಿದ್ದಾರೆ. ಇದು ತಾವಲ್ಲ ಎಂದು ಆ ರಿಕ್ರೂಟರ್ ಲಿಂಕ್ಡ್‌ಇನ್‌ನಲ್ಲಿ ನನಗೆ ತಿಳಿಸಿದ್ದಾರೆ; ಅವರ ಮೇಲೆ ನನ್ನ ದೂರಿಲ್ಲ.
>
> ನಕಲಿ ಮೇಲ್ ಬಂದ ವಿಳಾಸ: (ಪೂರ್ತಿ ವಿಳಾಸ). ವಾಟ್ಸಾಪ್ ನಂಬರ್: (ನಂಬರ್). ಮೊದಲ ಸಂಪರ್ಕ ಮಂಗಳವಾರ, ಆಫರ್ ಲೆಟರ್ ಗುರುವಾರ. ವೆರಿಫಿಕೇಶನ್ ಮತ್ತು ಲ್ಯಾಪ್‌ಟಾಪ್ ಹೆಸರಲ್ಲಿ 2,750 ಮತ್ತು 12,400 ರೂಪಾಯಿ ಪಡೆದಿದ್ದಾರೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇನೆ, ದೂರಿನ ಸಂಖ್ಯೆ: (ಸಂಖ್ಯೆ).
>
> ಮೂಲ ಮೇಲ್ ಮತ್ತು ಆಫರ್ ಲೆಟರ್ ಲಗತ್ತಿಸಿದ್ದೇನೆ. ಈ ಲೆಟರ್ ನಿಮ್ಮದಲ್ಲ ಎಂದು ಬರಹದಲ್ಲಿ ತಿಳಿಸಿದರೆ ಪೊಲೀಸರಿಗೆ ಕೊಡುತ್ತೇನೆ. ಆ ಡೊಮೇನ್ ಮತ್ತು ನಂಬರ್ ಮುಚ್ಚಿಸಲು ನಿಮ್ಮ ಕಡೆಯಿಂದ ದೂರು ಕೊಡಿ ಎಂದು ಕೋರುತ್ತೇನೆ.

ಇಷ್ಟೇ. ಮಂಗಳವಾರ ಕಳಿಸಿದೆ, ಬುಧವಾರ ಉತ್ತರ ಬಂತು. ನಾನು ಬರೆದ ಎಚ್‌ಆರ್ ವಿಳಾಸ ಸಿಕ್ಕಿದ್ದು ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ. ಆಫರ್ ಲೆಟರ್‌ನಲ್ಲೂ "ಎಚ್‌ಆರ್ ಹೆಲ್ಪ್‌ಡೆಸ್ಕ್" ಅಂತ ಒಂದು ವಿಳಾಸ ಇತ್ತು. ಅದಕ್ಕೆ ಬರೆದಿದ್ರೆ ನೇರ ಕಳ್ಳರ ಕೈಗೇ ಹೋಗ್ತಿತ್ತು.

ಮೇಲ್ ಕಳಿಸೋ ರೀತಿಯಲ್ಲೂ ನಾನು ಮೊದಲು ತಪ್ಪಿದ್ದೆ. ಬರೀ ಫಾರ್ವರ್ಡ್ ಒತ್ತಿದ್ರೆ ಅದು ಎಲ್ಲಿಂದ ಹೊರಟು ಯಾವ ಸರ್ವರ್ ದಾಟಿ ಬಂತು ಅನ್ನೋ ವಿವರ ಬಿದ್ದುಹೋಗುತ್ತೆ. ಸ್ಕ್ರೀನ್‌ಶಾಟ್‌ನಲ್ಲಂತೂ ಅದು ಇರೋದೇ ಇಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆಗೆದು, ಮೂರು ಚುಕ್ಕಿ ಒತ್ತಿ, Show original, ಆಮೇಲೆ Download Original. ಆಗ ಸಿಗೋ .eml ಫೈಲನ್ನ ಲಗತ್ತಿಸಬೇಕು. ನಾನು ಕಳ್ಳರಿಗೆ ಕೊಟ್ಟಿದ್ದ ಆಧಾರ್, ಪ್ಯಾನ್, ಪಾಸ್‌ಬುಕ್ ಫೋಟೋಗಳನ್ನ ಮೊದಲ ಮೇಲ್‌ನಲ್ಲಿ ಎಚ್‌ಆರ್‌ಗೂ ಕಳಿಸಿದ್ದೆ. ಅದು ಯಾರಿಗೂ ಬೇಕಿರಲಿಲ್ಲ, ಕಳಿಸಬೇಡಿ.

ಕಂಪನಿಯವರ ಉತ್ತರ ಮೂರು ಸಾಲು. ಲೆಟರ್ ನಮ್ಮದಲ್ಲ, ನಾವು ಕೆಲಸಕ್ಕೆ ಹಣ ಕೇಳಲ್ಲ, ಡೊಮೇನ್ ರಿಜಿಸ್ಟ್ರಾರ್‌ಗೆ ದೂರು ಕೊಡ್ತೀವಿ. "ನಿಮ್ಮ ನಷ್ಟಕ್ಕೆ ಕಂಪನಿ ಜವಾಬ್ದಾರಿ ಅಲ್ಲ" ಅಂತ ಕೊನೆಗೆ. ಓದಿ ಹೊಟ್ಟೆ ಉರೀತು. ಮೂರು ಜನ ಬರೆದ ಮೇಲೂ ವೆಬ್‌ಸೈಟ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಬಿಟ್ರೆ ಬೇರೇನೂ ಹಾಕಿಲ್ಲ. ದೊಡ್ಡದಾಗಿ ಹಾಕಿದ್ರೆ ನನ್ನಂಥ ಒಬ್ಬನಾದ್ರೂ ಉಳೀತಿದ್ದ. ಆದ್ರೂ ಹೇಳ್ತೀನಿ, ಆ ಮೂರು ಸಾಲು ಉಪಯೋಗಕ್ಕೆ ಬಂತು. ಸೈಬರ್ ಅಪರಾಧ ನೋಡೋ ಹಾಸನದ ಸೆನ್ ಪೊಲೀಸ್ ಠಾಣೆಗೆ ಹೋದಾಗ ಲೆಟರ್ ನಕಲಿ ಅನ್ನೋದಕ್ಕೆ ಆಧಾರ ಕೇಳಿದ್ರು. ನನ್ನ ಹತ್ತಿರ ಇದ್ದಿದ್ದು ಅದೊಂದೇ ಕಾಗದ.

1930ಕ್ಕೆ ನಾನು ಭಾನುವಾರ ಬೆಳಿಗ್ಗೆ ಕರೆ ಮಾಡಿದೆ. ಶನಿವಾರ ರಾತ್ರಿಯೇ ಮಾಡಬೇಕಿತ್ತು, ನಾಚಿಕೆಯಿಂದ ಮಾಡಲಿಲ್ಲ. ಕಳ್ಳರು ಅಕೌಂಟಿನಿಂದ ಹಣ ತೆಗೆದುಬಿಡೋ ಮುಂಚೆ ಸಿಕ್ಕಿದ್ರೆ ಬ್ಯಾಂಕಿನವರು ತಡೆಹಿಡೀತಾರೆ. ಎರಡನೇ ಕಂತಿನಲ್ಲಿ 4,100 ರೂಪಾಯಿ ತಡೆಹಿಡಿದಿದ್ದಾರೆ, ಇನ್ನೂ ಕೈಗೆ ಬಂದಿಲ್ಲ. ಉಳಿದದ್ದು ಹೋಯ್ತು. ಎಚ್‌ಆರ್‌ಗೆ ಬರೆಯೋದು ಎರಡನೆಯದು, ಮೊದಲು 1930. ಯುಪಿಐನಲ್ಲಿ ಹಣ ಹಾಕಿದ ಪ್ರತಿ ವ್ಯವಹಾರಕ್ಕೂ ಇರೋ ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಕೈಲಿಟ್ಕೊಂಡೇ ಕರೆ ಮಾಡಿ, ಅದನ್ನೇ ಕೇಳ್ತಾರೆ. ಚಾಟ್ ಅಳಿಸಬೇಡಿ, ಬೈಯ್ಯೋಕೂ ಹೋಗಬೇಡಿ. ನಾನು ಬೈದೆ, ಅವರು ಅರ್ಧ ಮೆಸೇಜ್ ಡಿಲೀಟ್ ಮಾಡಿಬಿಟ್ರು.

ಮೊನ್ನೆ ಸೋಮವಾರದಿಂದ ಆ ಡೊಮೇನ್ ತೆರೀತಿಲ್ಲ. ವಾಟ್ಸಾಪ್ ನಂಬರ್ ಮಾತ್ರ ಇನ್ನೂ ಇದೆ, ಅದೇ ಮೇಡಂ ಫೋಟೋ ಇದೆ. ಅವರ ಹೆಸರು, ಫೋಟೋ ನಾನು ಇಲ್ಲಿ ಹಾಕಲ್ಲ, ದಯವಿಟ್ಟು ಕಾಮೆಂಟಲ್ಲೂ ಕೇಳಬೇಡಿ, ಅವರು ನಮ್ಮಷ್ಟೇ ನೊಂದಿದ್ದಾರೆ. ನಿಮಗೂ "ಅಜ್ಜಿ ಮನೆ ಅರಸೀಕೆರೆ" ಅನ್ನೋ ರಿಕ್ರೂಟರ್ ಫೋನ್ ಮಾಡಿದ್ದರೆ ನನಗೆ ಮೆಸೇಜ್ ಮಾಡಿ. ನನ್ನ ದೂರಿನ ಸಂಖ್ಯೆ ಕೊಡ್ತೀನಿ, ನಿಮ್ಮ ದೂರಿನಲ್ಲಿ ಅದನ್ನೂ ಬರೆಸಿ.