ಲೋಗೊ, ಪ್ರಮಾಣಪತ್ರ, ಗ್ರಾಹಕರ ಮಾತು: ಸಲಹಾ ಸಂಸ್ಥೆಯ ಜಾಲತಾಣದಲ್ಲಿ ಯಾವುದಕ್ಕೆ ಎಷ್ಟು ಬೆಲೆ

ಸಲಹೆಯನ್ನು ಕೊಳ್ಳುವವರು ಅದನ್ನು ಮುಂಚಿತವಾಗಿ ಪರೀಕ್ಷಿಸಿ ನೋಡಲಾರರು. ಕೆಲಸ ಮುಗಿದ ಮೇಲೂ, ಆದ ಒಳಿತಿನಲ್ಲಿ ಸಲಹೆಯ ಪಾಲು ಎಷ್ಟು ಎಂದು ಖಚಿತವಾಗಿ ಹೇಳುವುದು ಕಷ್ಟ. ಹಾಗಾಗಿ ಸಲಹಾ ಸಂಸ್ಥೆಯ ಜಾಲತಾಣಕ್ಕೆ ಬಂದವರು ಸೇವೆಗಳ ವಿವರಣೆಯ ಮೇಲೆ ಕಣ್ಣಾಡಿಸಿ, ಈ ಮಾತನ್ನು ಬೇರೆ ಯಾರಾದರೂ ಅನುಮೋದಿಸುತ್ತಾರೆಯೇ ಎಂದು ಹುಡುಕಲು ತೊಡಗುತ್ತಾರೆ. ಕಾರ್ಯವಿಧಾನ ಸುಧಾರಣೆ ಮತ್ತು ಮಾಹಿತಿ ಸುರಕ್ಷತೆಯ ಬಗ್ಗೆ ಸಲಹೆ ನೀಡುವ ಚಿಕ್ಕ ಸಂಸ್ಥೆಯೊಂದರ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಸೇವೆಗಳ ವಿವರಣೆಯನ್ನು ಬದಲಿಸದೆ, ಮುಖಪುಟದಲ್ಲಿ ಒಮ್ಮೆ ಗ್ರಾಹಕ ಸಂಸ್ಥೆಗಳ ಲೋಗೊಗಳನ್ನು, ಒಮ್ಮೆ ಪ್ರಮಾಣಪತ್ರಗಳನ್ನು, ಒಮ್ಮೆ ಗ್ರಾಹಕರ ಅಭಿಪ್ರಾಯಗಳನ್ನು ಮುಂದೆ ಮಾಡಿ ನೋಡಿದ್ದೇನೆ. ಈ ಹೋಲಿಕೆ ಆ ಅನುಭವದಿಂದ ಬಂದದ್ದು.

ಮೊದಲಿಗೆ ಅಳತೆಯ ಮಾತು. ಎರಡು ಬಗೆಯ ಪುಟಗಳನ್ನು ಸಂದರ್ಶಕರಿಗೆ ಹಂಚಿ ತೋರಿಸಿ, ಯಾವುದರಿಂದ ಹೆಚ್ಚು ವಿಚಾರಣೆ ಬಂತು ಎಂದು ಲೆಕ್ಕ ಹಾಕುವ ವಿಧಾನವನ್ನು ಎಲ್ಲರೂ ಸೂಚಿಸುತ್ತಾರೆ. ಆದರೆ ನೂರು ಸಂದರ್ಶಕರಲ್ಲಿ ಇಬ್ಬರು ವಿಚಾರಿಸುತ್ತಿದ್ದದ್ದು ಮೂವರಿಗೆ ಏರಿತೆಂದು ಸಂಖ್ಯಾಶಾಸ್ತ್ರದ ಸಾಮಾನ್ಯ ಮಾನದಂಡದಲ್ಲಿ ನಂಬಬೇಕಾದರೆ ಒಂದೊಂದು ಪುಟಕ್ಕೂ ಸುಮಾರು 3,800 ಸಂದರ್ಶಕರು ಬೇಕು. ತಿಂಗಳಿಗೆ ಕೆಲವು ನೂರು ಜನ ಬರುವ ಸಲಹಾ ಜಾಲತಾಣಕ್ಕೆ ಇದು ಒಂದು ವರ್ಷಕ್ಕೂ ಮೀರಿದ ಕೆಲಸ, ಮತ್ತು ಅಷ್ಟರಲ್ಲಿ ಸೇವೆಗಳೇ ಬದಲಾಗಿರುತ್ತವೆ. ಆದ್ದರಿಂದ ನಾನು ನೆಚ್ಚಿಕೊಂಡದ್ದು ಬೇರೊಂದು ದಾರಿ. ಹೊಸದಾಗಿ ವಿಚಾರಿಸಿದ ಪ್ರತಿಯೊಬ್ಬರನ್ನೂ ಮೊದಲ ಮಾತುಕತೆಯಲ್ಲಿ, “ನಮಗೆ ಬರೆಯುವ ಮುನ್ನ ಜಾಲತಾಣದಲ್ಲಿ ಏನನ್ನು ಓದಿದಿರಿ, ಯಾವುದರ ಬಗ್ಗೆ ಇನ್ನೂ ಅನುಮಾನವಿದೆ?” ಎಂದು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದಿಟ್ಟುಕೊಂಡೆ. ಇದು ಅಂಕಿಗಳಷ್ಟು ಕಟ್ಟುನಿಟ್ಟಾದದ್ದಲ್ಲ. ಬರೆಯದೆ ಹಿಂದಿರುಗಿದವರ ಮನಸ್ಸನ್ನು ಇದು ತಿಳಿಸುವುದೂ ಇಲ್ಲ. ಆದರೂ ಕಡಿಮೆ ಸಂದರ್ಶಕರಿರುವ ಕಡೆ ಇದಕ್ಕಿಂತ ಉಪಯುಕ್ತವಾದ ಸಾಧನ ನನಗೆ ಕಂಡಿಲ್ಲ.

ಲೋಗೊಗಳ ಸಾಲು ಕಣ್ಣಿಗೆ ಬೇಗ ಬೀಳುತ್ತದೆ, ಅಷ್ಟೇ ಬೇಗ ಮರೆತೂ ಹೋಗುತ್ತದೆ. ಮಾತುಕತೆಗೆ ಬಂದವರಲ್ಲಿ ಅನೇಕರು “ದೊಡ್ಡ ಸಂಸ್ಥೆಗಳ ಜೊತೆ ಕೆಲಸ ಮಾಡಿದ್ದೀರಿ” ಎಂದರೇ ಹೊರತು ಯಾವ ಸಂಸ್ಥೆ ಎಂದು ಹೆಸರಿಸಲಿಲ್ಲ. ಮುಂದಿನ ಪ್ರಶ್ನೆ ಮಾತ್ರ ಪ್ರತಿಸಲವೂ ಬಂತು: ಅವರಿಗಾಗಿ ನೀವು ಮಾಡಿದ್ದೇನು? ಇಡೀ ವರ್ಷ ನಡೆದ ಕೆಲಸಕ್ಕೂ ಅರ್ಧ ದಿನದ ತರಬೇತಿಗೂ ಒಂದೇ ಗಾತ್ರದ ಚಿತ್ರ ನಿಲ್ಲುತ್ತದೆ, ಮತ್ತು ಅನುಭವಿ ಓದುಗರಿಗೆ ಇದು ಗೊತ್ತಿದೆ. ಇನ್ನೊಂದು ಪರಿಣಾಮವನ್ನು ನಾನು ನಿರೀಕ್ಷಿಸಿರಲಿಲ್ಲ. ಬರೀ ದೊಡ್ಡ ಹೆಸರುಗಳನ್ನು ಕಂಡ ಚಿಕ್ಕ ಸಂಸ್ಥೆಯವರು, ತಮ್ಮಂಥವರ ಕೆಲಸವನ್ನು ನಾವು ಒಪ್ಪಿಕೊಳ್ಳುವುದಿಲ್ಲವೇನೋ ಎಂದು ಹಿಂಜರಿದದ್ದಾಗಿ ಹೇಳಿದರು. ಪ್ರತಿ ಲೋಗೊದ ಕೆಳಗೆ “ಖರೀದಿ ಅನುಮೋದನೆಯ ಕ್ರಮದ ಮರುರಚನೆ” ಎಂಬಂಥ ಒಂದು ಸಾಲನ್ನು ಸೇರಿಸಿ, ಮಧ್ಯಮ ಗಾತ್ರದ ಗ್ರಾಹಕರನ್ನೂ ಕಾಣಿಸಿದ ಮೇಲೆ ಈ ಎರಡೂ ತೊಂದರೆಗಳು ಬಹುಮಟ್ಟಿಗೆ ಹೋದವು.

ಮೂರರಲ್ಲಿ ಕಾನೂನಿನ ತೊಡಕು ಹೆಚ್ಚಿರುವುದೂ ಲೋಗೊಗಳಿಗೇ. ಲೋಗೊ ಎಂದರೆ ಸಾಮಾನ್ಯವಾಗಿ ಇನ್ನೊಬ್ಬರ ವ್ಯಾಪಾರಚಿಹ್ನೆ. ಹಣ ಪಡೆದು ಕೆಲಸ ಮಾಡಿಕೊಟ್ಟ ಮಾತ್ರಕ್ಕೆ ಅದನ್ನು ಪ್ರಚಾರಕ್ಕೆ ಬಳಸುವ ಅನುಮತಿ ಸಿಕ್ಕಂತಾಗುವುದಿಲ್ಲ. ಅನೇಕ ಒಪ್ಪಂದಗಳ ಗೋಪ್ಯತೆಯ ಷರತ್ತು, ಸಂಬಂಧವಿದೆ ಎಂದು ಹೇಳುವುದನ್ನೇ ನಿಷೇಧಿಸುತ್ತದೆ. ಸುರಕ್ಷತೆಯ ಸಲಹೆಯಲ್ಲಂತೂ ಇದು ನ್ಯಾಯವೇ ಸರಿ, ಏಕೆಂದರೆ ಯಾವ ಸಂಸ್ಥೆ ಯಾರಿಂದ ತನ್ನ ರಕ್ಷಣೆಯನ್ನು ಪರಿಶೀಲಿಸಿಕೊಂಡಿತು ಎಂಬುದು ದಾಳಿಕೋರರಿಗೂ ಉಪಯೋಗಕ್ಕೆ ಬರುವ ಮಾಹಿತಿ. ಅನುಮತಿಯನ್ನು ಕೆಲಸ ಮುಗಿದ ಮೇಲೆ ಬೇಡುವುದಕ್ಕಿಂತ ಒಪ್ಪಂದದಲ್ಲೇ ಒಂದು ಪ್ರತ್ಯೇಕ ಷರತ್ತಾಗಿ ಇಡುವುದು ಸುಲಭ: ಎಲ್ಲಿ ಬಳಸುತ್ತೇವೆ, ಯಾವ ಸಾಲಿನೊಂದಿಗೆ ಬಳಸುತ್ತೇವೆ, ಕೇಳಿದರೆ ಎಷ್ಟು ದಿನದೊಳಗೆ ತೆಗೆಯುತ್ತೇವೆ ಎಂಬಷ್ಟನ್ನು ಬರೆದರೆ ಸಾಕು.

ಪ್ರಮಾಣಪತ್ರಗಳ ಓದುಗರೇ ಬೇರೆ. ನಮ್ಮನ್ನು ಮೊದಲು ಹುಡುಕಿ ಬರುವ ವಿಭಾಗದ ಮುಖ್ಯಸ್ಥರು ಅವುಗಳ ಬಗ್ಗೆ ಮಾತೇ ಆಡಲಿಲ್ಲ. ಆನಂತರ ಕಡತವನ್ನು ಕೈಗೆತ್ತಿಕೊಳ್ಳುವ ಖರೀದಿ ವಿಭಾಗದವರು ಮತ್ತು ಮಾಹಿತಿ ಸುರಕ್ಷತಾ ಅಧಿಕಾರಿಗಳು ಮೊದಲು ಕೇಳುವುದೇ ಅವುಗಳನ್ನು. ಅಂದರೆ ಪ್ರಮಾಣಪತ್ರವು ಹೊಸ ವಿಚಾರಣೆಯನ್ನು ತರುವುದಕ್ಕಿಂತ ಹೆಚ್ಚಾಗಿ, ಬಂದ ವಿಚಾರಣೆ ಮಧ್ಯದಲ್ಲಿ ನಿಂತುಹೋಗದಂತೆ ಕಾಪಾಡುತ್ತದೆ. ಇಂಥ ಓದುಗರಿಗೆ ಹೊಳೆಯುವ ಮುದ್ರೆಯ ಚಿತ್ರದಿಂದ ಪ್ರಯೋಜನವಿಲ್ಲ. ಅವರು ನೋಡುವುದು ಮಾನದಂಡದ ಪೂರ್ಣ ಹೆಸರು ಮತ್ತು ಆವೃತ್ತಿಯ ವರ್ಷ, ಪ್ರಮಾಣಪತ್ರದ ಸಂಖ್ಯೆ, ಅದನ್ನು ನೀಡಿದ ಸಂಸ್ಥೆ, ಮುಗಿಯುವ ದಿನಾಂಕ, ಎಲ್ಲಕ್ಕಿಂತ ಮುಖ್ಯವಾಗಿ ವ್ಯಾಪ್ತಿ. ವ್ಯಾಪ್ತಿಯ ಸಾಲಿನಲ್ಲಿ ಒಂದೇ ಕಚೇರಿಯ ಒಂದೇ ಸೇವೆ ಇದ್ದರೆ, ಮುಖಪುಟದ ಮುದ್ರೆ ಇಡೀ ಸಂಸ್ಥೆಯ ಪರವಾಗಿ ಮಾತಾಡುವಂತಿಲ್ಲ.

ಇಲ್ಲಿ ಕಾಣುವ ಸಾಮಾನ್ಯ ತಪ್ಪೆಂದರೆ “ಐಎಸ್‌ಒ ಪ್ರಮಾಣಿತ ಸಂಸ್ಥೆ” ಎಂಬ ಬರಹ, ಅದರ ಪಕ್ಕದಲ್ಲಿ ಐಎಸ್‌ಒ ಲೋಗೊ. ಐಎಸ್‌ಒ ಮಾನದಂಡಗಳನ್ನು ರೂಪಿಸುತ್ತದೆ, ಆದರೆ ಯಾರಿಗೂ ಪ್ರಮಾಣಪತ್ರ ನೀಡುವುದಿಲ್ಲ. ಪ್ರಮಾಣೀಕರಣಕ್ಕಾಗಿ ತನ್ನ ಲೋಗೊ ಬಳಸಲು ಅದು ಬಿಡುವುದೂ ಇಲ್ಲ. ಪ್ರಮಾಣಪತ್ರ ಕೊಡುವುದು ಪ್ರತ್ಯೇಕ ಪ್ರಮಾಣೀಕರಣ ಸಂಸ್ಥೆಗಳ ಕೆಲಸ, ಮತ್ತು ಆ ಸಂಸ್ಥೆಗಳಿಗೂ ಮಾನ್ಯತೆ ಇದೆಯೇ ಎಂದು ಖರೀದಿ ವಿಭಾಗದವರು ಪರಿಶೀಲಿಸುತ್ತಾರೆ. ಮಾನ್ಯತೆ ಪಡೆದ ಸಂಸ್ಥೆಗಳು ನೀಡಿದ ನಿರ್ವಹಣಾ ವ್ಯವಸ್ಥೆಯ ಪ್ರಮಾಣಪತ್ರಗಳನ್ನು ಹುಡುಕಲು IAF CertSearch ಎಂಬ ದತ್ತಾಂಶ ಸಂಗ್ರಹವೂ ಇದೆ. ಇದನ್ನೆಲ್ಲ ಗಮನಿಸಿದ ಮೇಲೆ ನಾವು ಮುದ್ರೆಯ ಚಿತ್ರವನ್ನು ತೆಗೆದು, ಈ ಬಗೆಯ ಒಂದು ವಾಕ್ಯವನ್ನು ಬರೆದೆವು: “ನಮ್ಮ ಸಲಹಾ ಸೇವೆಯಲ್ಲಿ ಗ್ರಾಹಕರ ಮಾಹಿತಿಯ ನಿರ್ವಹಣೆಯು ಐಎಸ್‌ಒ/ಐಇಸಿ 27001:2022 ಮಾನದಂಡದಂತೆ ಪ್ರಮಾಣೀಕೃತವಾಗಿದೆ.” ಅದರ ಕೆಳಗೆ ಸಂಖ್ಯೆ, ನೀಡಿದವರ ಹೆಸರು, ಅಂತಿಮ ದಿನಾಂಕ ಮತ್ತು ಪ್ರಮಾಣಪತ್ರದ ಪ್ರತಿಗೆ ಕೊಂಡಿ. ಹಿಂದೆ ಪದೇ ಪದೇ ಬರುತ್ತಿದ್ದ “ದಯವಿಟ್ಟು ಪ್ರತಿ ಕಳುಹಿಸಿ” ಎಂಬ ಪತ್ರಗಳು ಆಮೇಲೆ ಅಪರೂಪವಾದವು. ಸಿಬ್ಬಂದಿಯ ವೈಯಕ್ತಿಕ ಅರ್ಹತಾಪತ್ರಗಳನ್ನು ಈ ಪುಟಕ್ಕೆ ಸೇರಿಸದೆ ಅವರವರ ಪರಿಚಯದ ಜೊತೆಗೇ ಇಟ್ಟೆವು. ಅವು ವ್ಯಕ್ತಿಗೆ ಸೇರಿದವು, ವ್ಯಕ್ತಿ ಸಂಸ್ಥೆಯನ್ನು ಬಿಟ್ಟರೆ ಅವರೊಂದಿಗೇ ಹೋಗತಕ್ಕವು.

ಗ್ರಾಹಕರ ಅಭಿಪ್ರಾಯಗಳು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದವು, ಆದರೆ ಒಂದು ಬಗೆಯ ಅಭಿಪ್ರಾಯಗಳು ಮಾತ್ರ. “ಅತ್ಯುತ್ತಮ ಸೇವೆ, ಬಹಳ ವೃತ್ತಿಪರ ತಂಡ” ಎಂಬ ಮಾತನ್ನು ಯಾವ ಸಂಸ್ಥೆಯ ಪುಟದಲ್ಲಿ ಇಟ್ಟರೂ ಹೊಂದುತ್ತದೆ, ಆದ್ದರಿಂದಲೇ ಅದು ಯಾರ ಪರವಾಗಿಯೂ ಸಾಕ್ಷ್ಯವಾಗುವುದಿಲ್ಲ. ಇಂಥ ಮಾತುಗಳು ಬರುವುದಕ್ಕೆ ಗ್ರಾಹಕರು ಕಾರಣರಲ್ಲ. “ನಮ್ಮ ಬಗ್ಗೆ ನಾಲ್ಕು ಮಾತು ಬರೆದುಕೊಡಿ” ಎಂದು ಕೇಳಿದರೆ ಸೌಜನ್ಯವುಳ್ಳ ಯಾರೇ ಆದರೂ ಹೊಗಳಿಕೆಯನ್ನೇ ಬರೆಯುತ್ತಾರೆ. ನಾನು ಆ ಕೋರಿಕೆಯನ್ನು ಬಿಟ್ಟು, ದೂರವಾಣಿಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳತೊಡಗಿದೆ: ನಮ್ಮನ್ನು ಕರೆಯುವ ಮುನ್ನ ಯಾವ ತೊಂದರೆ ಇತ್ತು, ನಮ್ಮನ್ನು ಒಪ್ಪಿಕೊಳ್ಳಲು ಹಿಂಜರಿಕೆ ಇದ್ದರೆ ಅದು ಏನು, ಮೊದಲು ಬದಲಾದದ್ದು ಯಾವುದು, ಇನ್ನೂ ಬಗೆಹರಿಯದೆ ಉಳಿದದ್ದು ಏನು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಸರಬರಾಜುದಾರರ ಬಿಲ್ಲುಗಳ ಅನುಮೋದನೆಯನ್ನು ನಾವು ಸರಿಪಡಿಸಿಕೊಟ್ಟ ಸಂಸ್ಥೆಯ ಹಣಕಾಸು ವ್ಯವಸ್ಥಾಪಕರು ಮೊದಲು ಕಳುಹಿಸಿದ್ದು “ಒಳ್ಳೆಯ ಅನುಭವ, ಎಲ್ಲರಿಗೂ ಶಿಫಾರಸು ಮಾಡುತ್ತೇನೆ” ಎಂಬ ಸಾಲು. ಮೇಲಿನ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳನ್ನು ಅವರದೇ ಪದಗಳಲ್ಲಿ ಜೋಡಿಸಿ, ಅವರಿಂದಲೇ ತಿದ್ದಿಸಿದಾಗ ಹೀಗಾಯಿತು: “ಒಂದು ಬಿಲ್ಲು ಐದು ಮೇಜುಗಳನ್ನು ದಾಟಲು ಒಂಬತ್ತು ದಿನ ಹಿಡಿಯುತ್ತಿತ್ತು. ಹೊರಗಿನವರು ಬಂದು ನಮ್ಮ ಸಿಬ್ಬಂದಿಯನ್ನು ದೂರುತ್ತಾರೆ ಎಂಬ ಭಯ ನನಗಿತ್ತು. ಅವರು ಮೊದಲ ವಾರ ಬಿಲ್ಲುಗಳ ಹಿಂದೆಯೇ ಓಡಾಡಿ, ಎರಡು ಸಹಿಗಳು ಒಂದೇ ವಿಷಯವನ್ನು ಪರಿಶೀಲಿಸುತ್ತಿವೆ ಎಂದು ತೋರಿಸಿದರು. ಈಗ ನಾಲ್ಕು ದಿನ ಸಾಕು. ವಿದೇಶಿ ಬಿಲ್ಲುಗಳು ಮಾತ್ರ ಇನ್ನೂ ತಡವಾಗುತ್ತವೆ.” ಕೊನೆಯ ವಾಕ್ಯವನ್ನು ತೆಗೆಯಬಹುದಲ್ಲ ಎಂದು ನಮ್ಮಲ್ಲೇ ಕೆಲವರು ಹೇಳಿದರು, ನಾನು ಒಪ್ಪಲಿಲ್ಲ. ಮುಂದೆ ಈ ಅಭಿಪ್ರಾಯವನ್ನು ಪ್ರಸ್ತಾಪಿಸಿ ಮಾತಿಗೆ ತೊಡಗಿದವರು ಹೆಚ್ಚಾಗಿ ಎತ್ತಿದ್ದು ಎರಡು ಅಂಶಗಳನ್ನು: ಸಿಬ್ಬಂದಿಯ ಕುರಿತ ಆ ಭಯ, ಮತ್ತು ತಡವಾಗುತ್ತಲೇ ಇರುವ ಆ ವಿದೇಶಿ ಬಿಲ್ಲುಗಳು. ಅದೇ ಭಯ ಅವರಲ್ಲೂ ಇತ್ತು. ಬಗೆಹರಿಯದ ಸಂಗತಿಯನ್ನು ಮುಚ್ಚಿಡದಿದ್ದದ್ದರಿಂದ ಉಳಿದ ಮಾತುಗಳನ್ನೂ ನಂಬಿದೆವು ಎಂದು ಅವರು ಹೇಳಿದರು.

ಇದಕ್ಕೆ ತಗಲುವ ಶ್ರಮ ಕಡಿಮೆಯಲ್ಲ. ಹೆಸರು, ಹುದ್ದೆ, ತಿಂಗಳು ಮತ್ತು ವರ್ಷ ಇಲ್ಲದ ಅಭಿಪ್ರಾಯವನ್ನು ನಾವು ಹಾಕುವುದಿಲ್ಲವಾದ್ದರಿಂದ, ಅಂತಿಮ ಪಠ್ಯಕ್ಕೆ ಅವರ ಲಿಖಿತ ಒಪ್ಪಿಗೆ ಬೇಕು. ಅನೇಕ ಸಲ ಅವರ ಸಂಸ್ಥೆಯ ಒಪ್ಪಿಗೆಯೂ ಬೇಕು. ಹೆಸರು ಹಾಕಲಾಗದ ಕಡೆ, ಕೇಳಿದವರೊಂದಿಗೆ ನೇರವಾಗಿ ಮಾತಾಡಲು ಗ್ರಾಹಕರು ಒಪ್ಪಿದ್ದಾರೆಯೇ ಎಂದು ವಿಚಾರಿಸಿ, ಹಾಗೆಂದು ಒಂದು ಸಾಲು ಬರೆಯುವುದು ಕಲ್ಪಿತ ಹೆಸರಿಗಿಂತ ಎಷ್ಟೋ ಮೇಲು. ಐದು ನಕ್ಷತ್ರಗಳ ಸರಾಸರಿಯನ್ನು ಮಾತ್ರ ನಾನು ಪೂರ್ತಿ ಕೈಬಿಟ್ಟೆ. ಬೆರಳೆಣಿಕೆಯ ಗ್ರಾಹಕರ ಸರಾಸರಿಗೆ ಅರ್ಥವಿಲ್ಲ. ಜೊತೆಗೆ, ಸಂಸ್ಥೆಯೊಂದು ತನ್ನ ಬಗ್ಗೆ ತನ್ನದೇ ಜಾಲತಾಣದಲ್ಲಿ ಹಾಕಿಕೊಂಡ ವಿಮರ್ಶೆಗಳ ನಕ್ಷತ್ರಗಳನ್ನು ಗೂಗಲ್ 2019ರ ಸೆಪ್ಟೆಂಬರ್‌ನಿಂದ ಹುಡುಕು ಫಲಿತಾಂಶಗಳಲ್ಲಿ ತೋರಿಸುತ್ತಿಲ್ಲ, ಬೇರೆ ತಾಣದ ವಿಮರ್ಶೆಗಳನ್ನು ವಿಜೆಟ್ ಮೂಲಕ ತಂದು ಕೂರಿಸಿದರೂ ಅದೇ ನಿಯಮ. ಹೀಗಾಗಿ ಸರಾಸರಿ ಅಂಕವನ್ನು ಹುಡುಕು ಯಂತ್ರಕ್ಕೆ ತಿಳಿಸುವ `AggregateRating` ಗುರುತನ್ನು ಮುಖಪುಟಕ್ಕೆ ಸೇರಿಸಿ ನಕ್ಷತ್ರ ಪಡೆಯಬಹುದೆಂಬ ಹಳೆಯ ಸಲಹೆ ಈಗ ನಡೆಯುವುದಿಲ್ಲ.

ಈ ಎಲ್ಲದರ ನಂತರ ನಾವು ಉಳಿಸಿಕೊಂಡ ವ್ಯವಸ್ಥೆ ಹೀಗಿದೆ. ಅಭಿಪ್ರಾಯಗಳಿಗೆಂದು ಪ್ರತ್ಯೇಕ ಪುಟವಿಲ್ಲ. ಯಾವ ಸೇವೆಯ ಬಗ್ಗೆ ಹೇಳಿದ್ದಾರೋ ಆ ಸೇವೆಯ ವಿವರಣೆಯ ಪಕ್ಕದಲ್ಲೇ, ನಾವು ಮಾಡುವ ಪ್ರತಿಪಾದನೆಗೆ ತಾಗಿಕೊಂಡೇ ಅವು ಇವೆ. ತಾವಾಗಿ ಸರಿಯುವ ಪಟ್ಟಿಯಲ್ಲಿ ಅವನ್ನು ಹಾಕಿಲ್ಲ, ಏಕೆಂದರೆ ಓದುತ್ತಿರುವ ವಾಕ್ಯ ಮಧ್ಯದಲ್ಲಿ ಕಣ್ಮರೆಯಾದರೆ ಯಾರೂ ಅದನ್ನು ಹಿಂದಕ್ಕೆ ಸರಿಸಿ ಓದುವುದಿಲ್ಲ. ಪ್ರಮಾಣಪತ್ರದ ವಿವರ “ನಮ್ಮ ಬಗ್ಗೆ” ಪುಟದಲ್ಲಿದೆ, ಪ್ರತಿ ಪುಟದ ಅಡಿಯಲ್ಲಿ ಅದಕ್ಕೊಂದು ಕೊಂಡಿ ಇದೆ. ಮುಖಪುಟದಲ್ಲಿ ಉಳಿದದ್ದು ಕೆಲವೇ ಲೋಗೊಗಳು, ಅವುಗಳ ಕೆಳಗೆ ಕೆಲಸದ ಒಂದೊಂದು ಸಾಲು, ಚಿತ್ರ ಕಾಣದವರಿಗಾಗಿ `alt` ಬರಹದಲ್ಲಿ ಸಂಸ್ಥೆಯ ಹೆಸರು. ಒಂದು ಹಂಚಿಕೊಂಡ ಹಾಳೆಯಲ್ಲಿ ಪ್ರತಿಯೊಂದರ ಅನುಮತಿ ಪತ್ರ, ಅಂತಿಮ ದಿನಾಂಕ ಮತ್ತು ಹೊಣೆ ಹೊತ್ತವರ ಹೆಸರು ಇದೆ. ಐಎಸ್‌ಒ ನಿರ್ವಹಣಾ ಮಾನದಂಡಗಳ ಪ್ರಮಾಣಪತ್ರ ಸಾಮಾನ್ಯವಾಗಿ ಮೂರು ವರ್ಷದ್ದಾಗಿದ್ದು ನಡುವೆ ವಾರ್ಷಿಕ ಪರಿಶೀಲನೆಗಳು ನಡೆಯುವುದರಿಂದ, ಒಂದೊಂದು ಪರಿಶೀಲನೆಯ ನಂತರವೂ ಜಾಲತಾಣದ ಆ ವಾಕ್ಯವನ್ನು ಚಾಲ್ತಿಯಲ್ಲಿರುವ ಪ್ರಮಾಣಪತ್ರದ ಜೊತೆ ಅಕ್ಷರಾಕ್ಷರ ಹೋಲಿಸಿ ನೋಡುತ್ತೇವೆ. ಅಭಿಪ್ರಾಯ ನೀಡಿದವರು ಹುದ್ದೆ ಬದಲಿಸಿದರೆ ಅವರ ಹೆಸರಿನ ಮುಂದೆ “ಆಗಿನ ಹಣಕಾಸು ವ್ಯವಸ್ಥಾಪಕರು” ಎಂದು ತಿದ್ದುತ್ತೇವೆ.