ಭೋಸರಿಯಿಂದ ಹ್ಯಾಂಬರ್ಗ್‌ಗೆ ಏರ್ ಕಾರ್ಗೋ: ಮೂರು ವರ್ಷ ಬಳಸಿದ ಮೇಲೆ

ಪುಣೆಯ ಭೋಸರಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಫೋಮ್ ಸೀಲ್ ಮಾಡುತ್ತೇವೆ. ಮಾಲು ಸಾಗಿಸಿಕೊಡುವ ಫಾರ್ವರ್ಡರ್ ಮೂರು ವರ್ಷದಿಂದ ಒಬ್ಬರೇ. ಮಾಲು ಇಲ್ಲಿಂದ ಟ್ರಕ್‌ನಲ್ಲಿ ಮುಂಬೈನ ಸಹಾರ್ ಕಾರ್ಗೋಗೆ ಹೋಗಿ ವಿಮಾನ ಹತ್ತುತ್ತದೆ. ಒಮ್ಮೆಯೂ ತಡವಾಗಿಲ್ಲ. ತಕರಾರೇನಿದ್ದರೂ ಬಿಲ್ಲಿನದು.

ಮೊದಲ ಸಲ ನಾಲ್ಕು ಡಬ್ಬಿ ಕಳಿಸಿದ್ದೆವು, ಒಟ್ಟು 56 ಕೆಜಿ. ಬಿಲ್ ಬಂದಿದ್ದು 130 ಕೆಜಿಗೆ! ಪ್ಯಾಕಿಂಗ್ ಮಾಡುವ ಅಫಜಲಪುರದ ಹುಡುಗ ಬಿಲ್ ನೋಡಿ, "ಸರ, ಗಾಳಿಗೂ ರೊಕ್ಕ ಕೊಡ್ತೀವೇನ್ರಿ?" ಅಂದ. ಹೌದು, ಕೊಡುತ್ತೇವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಇದು, ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಕೊರಿಯರ್‌ನವರಾದರೆ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಇನ್ನೂ ಜಾಸ್ತಿ ಬೀಳುತ್ತದೆ.

ನಮ್ಮ ಡಬ್ಬಿ 60 × 50 × 50. ಒಂದಕ್ಕೆ 25 ಕೆಜಿ, ನಾಲ್ಕಕ್ಕೆ 100. ಹಾಗಾದರೆ ಉಳಿದ 30 ಎಲ್ಲಿಂದ ಬಂತು? ಗೋಡೌನ್‌ನಲ್ಲಿ ನಮ್ಮನ್ನು ಕೇಳದೆ ಮರದ ಪ್ಯಾಲೆಟ್ ಮೇಲೆ ಏರಿಸಿದ್ದರು. 15 ಸೆಂಟಿಮೀಟರ್ ಮರ ಸೇರಿ ಅಳತೆ 120 × 100 × 65 ಆಯಿತು. ಕೆಜಿಗೆ 210ರಂತೆ 27,300 ರೂಪಾಯಿ. ಅದರಲ್ಲಿ 6,300 ಸುಮ್ನೆ ಮರದ ಎತ್ತರಕ್ಕೆ. ಹಗುರ ಡಬ್ಬಿಗೆ ಪ್ಯಾಲೆಟ್ ಯಾಕೆ ಬೇಕಿತ್ತು, ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಈಗ ಬುಕಿಂಗ್ ಮೇಲ್‌ನಲ್ಲೇ "ಪ್ಯಾಲೆಟ್ ಬೇಡ" ಎಂದು ಬರೆಯುತ್ತೇನೆ. ಫೋಮ್ ಒತ್ತಿ ಕಟ್ಟಿ, ಡಬ್ಬಿಯ ಎತ್ತರ 40ಕ್ಕೆ ಇಳಿಸಿದ್ದೇವೆ. ಟೇಪ್ ಹಾಕಿದ ಮೇಲೆ ಹೊಟ್ಟೆ ಉಬ್ಬಿದ ಕಡೆಯೇ ಅಳೆಯಬೇಕು, ಏರ್‌ಪೋರ್ಟ್‌ನಲ್ಲಿ ಅಳೆಯುವುದೂ ಅಲ್ಲೇ. ನಾಲ್ಕೂ ಸೇರಿ 80 ಕೆಜಿ. 100 ಕೆಜಿಗಿಂತ ಕೆಳಗಿಳಿದಿದ್ದಕ್ಕೆ ಕೆಜಿಯ ದರ 235ಕ್ಕೆ ಏರಿತು, ಆದರೂ ಬಿಲ್ 18,800.

ಹಡಗಿಗೆ ಹಾಕಬಹುದಿತ್ತಲ್ವಾ ಅಂತ ಕೇಳಬಹುದು. ನ್ಹಾವಾ ಶೇವಾ ಬಂದರಿನಿಂದ ಕಂಟೇನರ್‌ನಲ್ಲಿ ಜಾಗ ಹಂಚಿಕೊಂಡು ಕಳಿಸಿದರೆ ಎಷ್ಟು ಅಂತ ಕೇಳಿದ್ದೆ. ನಮ್ಮದು ಅರ್ಧ ಘನ ಮೀಟರ್‌ಗಿಂತ ಕಡಿಮೆ ಇದ್ದರೂ ಒಂದು ಘನ ಮೀಟರ್‌ನ ದುಡ್ಡು ಕೊಡಲೇಬೇಕು. ಎರಡೂ ಬಂದರಿನ ಗೋಡೌನ್ ಖರ್ಚು, ಕಾಗದಪತ್ರ ಸೇರಿ 16,000 ಹೇಳಿದರು. ಬಾಗಿಲಿಗೆ ತಲುಪಲು ಒಂದೂವರೆ ತಿಂಗಳು. ಸೀಲ್ ಇಲ್ಲದೆ ಗಿರಾಕಿಯ ಫ್ಯಾಕ್ಟರಿ ಲೈನ್ ನಿಂತಿತ್ತು. 2,800 ಉಳಿಸಲು ಅಷ್ಟು ದಿನ ಯಾರು ಕಾಯುತ್ತಾರೆ?

ಆದರೆ ತಿಂಗಳ ಮಾಮೂಲಿ ಆರ್ಡರ್ ಮೂರು ಘನ ಮೀಟರ್. ವಿಮಾನದಲ್ಲಿ ಅದು 500 ಕೆಜಿ, ಹತ್ತಿರತ್ತಿರ ಒಂದು ಲಕ್ಷ. ಹಡಗಿನಲ್ಲಿ ಕಾಗದಪತ್ರದ ಖರ್ಚು ಅಷ್ಟೇ ಇರುವುದರಿಂದ ಬಿಲ್ ಮೂರು ಪಟ್ಟು ಆಗುವುದಿಲ್ಲ. ಅದು ಹಡಗಿಗೇ.

ಫಾರ್ವರ್ಡರ್‌ಗೆ ಐದಕ್ಕೆ ಮೂರೂವರೆ. ಆ 6,300 ವಾಪಸ್ ಕೊಟ್ಟಿದ್ದರೆ ನಾಲ್ಕು ಕೊಡುತ್ತಿದ್ದೆ.